ಡಿಗ್ರಿ ನಿಜವಾ ಅಂತ ಕೇಳಿದರೆ ಉತ್ತರ ಕೊಡುವುದು ಯಾರು?

ಪ್ರತಿ ವರ್ಷ ಫೈನಲ್ ಇಯರ್ ಮುಗಿಸಿ ಹೋದವರ ವಾಟ್ಸಾಪ್ ಗ್ರೂಪಿನಲ್ಲಿ ಆಗಸ್ಟ್ ಹೊತ್ತಿಗೆ ಒಂದು ಮಾತು ಬಂದೇ ಬರ್ತದೆ: "ಬಿಜಿವಿ ಇನ್ನೂ ಪೆಂಡಿಂಗ್ ಉಂಟು ಮಾರಾಯ." ಬಿಜಿವಿ ಅಂದ್ರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ಆಫರ್ ಲೆಟರನ್ನು ಕೊನೆಯ ಪುಟದ ತನಕ ಓದಿದರೆ ಅದರ ಬಗ್ಗೆ ಒಂದು ಸಾಲು ಸಿಗ್ತದೆ. ದಾಖಲೆ ಸರಿ ಇಲ್ಲದಿದ್ದರೆ ಆಫರ್ ರದ್ದು ಅಂತ. ಅಂದ್ರೆ ಕೆಲಸಕ್ಕೆ ಸೇರಿ ಐಡಿ ಕಾರ್ಡ್ ಸಿಕ್ಕಿದ ಮೇಲೂ ಕೆಲಸ ಪೂರ್ತಿ ನಮ್ಮದಾಗಿರುವುದಿಲ್ಲ.

ಕಂಪನಿಯವರು ಈ ಕೆಲಸವನ್ನು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ, ಒಂದು ಏಜೆನ್ಸಿಗೆ ಕೊಡ್ತಾರೆ. ನಾವು ಪೋರ್ಟಲ್‌ನಲ್ಲಿ ಫಾರ್ಮ್ ತುಂಬಿ, ಮಾರ್ಕ್ಸ್ ಕಾರ್ಡ್, ಪ್ರೊವಿಶನಲ್ ಡಿಗ್ರಿ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ತೇವೆ. ಏಜೆನ್ಸಿಯವರು ನಮ್ಮ ಸರ್ಟಿಫಿಕೇಟನ್ನು ಕಣ್ಣಲ್ಲಿ ನೋಡಿ ಅಸಲಿ, ನಕಲಿ ಅಂತ ಹೇಳುವುದಲ್ಲ. ಅದನ್ನು ಕೊಟ್ಟವರ ಹತ್ತಿರವೇ ಕೇಳ್ತಾರೆ. ಹೆಸರು, ಯುಎಸ್‌ಎನ್, ಕೋರ್ಸು, ಪಾಸಾದ ತಿಂಗಳು-ವರ್ಷ, ಕ್ಲಾಸು, ಇಷ್ಟನ್ನು ಸ್ಕ್ಯಾನ್ ಪ್ರತಿಯ ಜೊತೆ ಯೂನಿವರ್ಸಿಟಿಯ ಪರೀಕ್ಷಾ ವಿಭಾಗಕ್ಕೆ ಕಳಿಸಿ, ಶುಲ್ಕ ಕಟ್ಟಿ, "ಇದು ನಿಮ್ಮ ದಾಖಲೆಗೆ ಹೊಂದುತ್ತದಾ?" ಅಂತ ಕೇಳುವುದು. ಉತ್ತರ ಬಂದ ಮೇಲೆ ರಿಪೋರ್ಟು. ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಉತ್ತರವೇ ಬಾರದಿದ್ದರೆ "ಅನೇಬಲ್ ಟು ವೆರಿಫೈ" ಅಂತ ಹಳದಿ. ನಮ್ಮಲ್ಲಿ ಹೆಚ್ಚಿನವರನ್ನು ಕಾಡುವುದು ಈ ಹಳದಿಯೇ.

ಸರಿ, ಕೇಳುವುದು ಯಾರ ಹತ್ತಿರ? ಸುಲಭದ ಪ್ರಶ್ನೆ ಅಂತ ಅನಿಸ್ತದೆ, ಆದರೆ ಮಂಗಳೂರಿನ ಸುತ್ತ ಸುಲಭ ಅಲ್ಲ. ವಿಟಿಯು ಹುಟ್ಟಿದ್ದು 1998ರಲ್ಲಿ, ಇರುವುದು ಬೆಳಗಾವಿಯಲ್ಲಿ. ಅದಕ್ಕಿಂತ ಮೊದಲು ಸುರತ್ಕಲ್‌ನ ಕೆಆರ್‌ಇಸಿಯಲ್ಲಿ ಓದಿದ ನಮ್ಮ ಮಾವಂದಿರ ಕಾಲದವರ ಡಿಗ್ರಿಗೆ ಸೀಲು ಹಾಕಿದ್ದು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ. 2002ರಲ್ಲಿ ಅದೇ ಕೆಆರ್‌ಇಸಿ ಎನ್‌ಐಟಿಕೆ ಆಯಿತು, ಈಗ ಡಿಗ್ರಿ ಅದೇ ಕೊಡ್ತದೆ. ನಿಟ್ಟೆಯ ಎನ್‌ಎಂಎಎಂಐಟಿ ವಿಟಿಯು ಅಡಿಯಲ್ಲಿದ್ದದ್ದು 2022ರಲ್ಲಿ ನಿಟ್ಟೆ ಡೀಮ್ಡ್ ಯೂನಿವರ್ಸಿಟಿಯ ಭಾಗವಾಯಿತು. ಒಂದೇ ಕ್ಯಾಂಪಸ್, ಒಂದೇ ಕ್ಯಾಂಟೀನು, ಆದರೆ ಬ್ಯಾಚ್ ನೋಡಿ ಡಿಗ್ರಿಯ ಮಾಲಕ ಬೇರೆ. ಆಟಾನಮಸ್ ಕಾಲೇಜುಗಳದ್ದು ಇನ್ನೊಂದು ಕತೆ. ಪರೀಕ್ಷೆ, ರಿಸಲ್ಟ್ ಕಾಲೇಜಿನದ್ದು, ಡಿಗ್ರಿ ವಿಟಿಯುದ್ದು. ಏಜೆನ್ಸಿಯ ಹುಡುಗ ಗುರುಗ್ರಾಮದಲ್ಲೋ ಬೆಂಗಳೂರಿನಲ್ಲೋ ಕೂತು ಕಾಲೇಜಿನ ಹೆಸರು ಗೂಗಲ್ ಮಾಡಿ ಸಿಕ್ಕಿದ ಮೇಲ್ ಐಡಿಗೆ ಕಳಿಸಿದರೆ ಅದು ತಪ್ಪು ಜಾಗಕ್ಕೆ ಹೋಗುವ ಸಾಧ್ಯತೆ ತುಂಬಾ ಉಂಟು. ಹಾಗಾಗಿ ಫಾರ್ಮ್‌ನಲ್ಲಿ "ಯೂನಿವರ್ಸಿಟಿ" ಅಂತ ಇರುವಲ್ಲಿ ಕಾಲೇಜಿನ ಹೆಸರು ಬರೆಯಬಾರದು. ಸರ್ಟಿಫಿಕೇಟಿನ ತಲೆಯಲ್ಲಿ ಯಾರ ಹೆಸರು ಉಂಟೋ ಅದನ್ನೇ ಬರೆಯಬೇಕು.

ಈಗ ತಡ ಆಗುವುದು ಹೇಗೆ ಅಂತ ಒಂದು ಉದಾಹರಣೆ ನೋಡುವ. ನಮಗೆ ಗೊತ್ತಿರುವ ಒಬ್ಬರು ಅಕ್ಕ, ಕಾಲೇಜು-ಯೂನಿವರ್ಸಿಟಿ ಹೆಸರು ಬೇಡ, ಜುಲೈ 3ಕ್ಕೆ ಫಾರ್ಮ್ ತುಂಬಿದರು, 10ಕ್ಕೆ ಕೆಲಸಕ್ಕೆ ಸೇರಿದರು. ಆಗಸ್ಟ್ 2ಕ್ಕೆ ಎಚ್‌ಆರ್‌ನಿಂದ ಮೇಲ್: ಯೂನಿವರ್ಸಿಟಿಯಿಂದ ಉತ್ತರ ಇಲ್ಲ, 14ರ ಒಳಗೆ ಸರಿ ಮಾಡಿ. ಅವರು ಮೊದಲು ಯೂನಿವರ್ಸಿಟಿಗೆ ಫೋನ್ ಮಾಡಿದರು. ಆ ಕಡೆಯಿಂದ "ಅಂಥ ಮೇಲ್ ಬಂದಿಲ್ಲ" ಅಂತ ಉತ್ತರ. ಆಮೇಲೆ ಅವರು ಏಜೆನ್ಸಿಗೆ ಬರೆದು ಮೂರೇ ವಿಷಯ ಕೇಳಿದರು: ಯಾವ ದಿನ, ಯಾವ ಐಡಿಗೆ ಕಳಿಸಿದ್ದೀರಿ? ನಿಮ್ಮ ರೆಫರೆನ್ಸ್ ನಂಬರ್ ಏನು? ಶುಲ್ಕ ಕಟ್ಟಿದ ರಶೀದಿ ಎಲ್ಲಿ?

ಉತ್ತರದಲ್ಲಿ ಎರಡು ಸಂಗತಿ ಸಿಕ್ಕಿತು. ಹಣ ಹೋಗಿತ್ತು, ಆದರೆ ಜೊತೆಗೆ ಹೆಸರಾಗಲಿ ಯುಎಸ್‌ಎನ್ ಆಗಲಿ ಇರಲಿಲ್ಲ. ಆದ್ದರಿಂದ ಅಕೌಂಟ್ಸ್ ವಿಭಾಗದಲ್ಲಿ ಅದು ಯಾರ ಹಣ ಅಂತ ಗೊತ್ತಾಗದೆ ಕೂತಿತ್ತು. ಹಣ ಹೊಂದಿಕೆ ಆಗದೆ ಪರೀಕ್ಷಾ ವಿಭಾಗ ಫೈಲ್ ತೆರೆಯುವುದಿಲ್ಲ. ಎರಡನೆಯದ್ದು, ಯುಎಸ್‌ಎನ್‌ನ ಕೊನೆಯಲ್ಲಿ `045` ಇರಬೇಕಾದಲ್ಲಿ ಏಜೆನ್ಸಿಯವರು `O45` ಅಂತ ಟೈಪ್ ಮಾಡಿದ್ದರು. ಸೊನ್ನೆಯ ಬದಲು ಅಕ್ಷರ! ನಮ್ಮ ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಅಲ್ಲ. ಕೋಡ್ ಬರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕ ಅದೇ ದಿನ ಪರೀಕ್ಷಾ ವಿಭಾಗದ ಕುಲಸಚಿವರಿಗೆ ಒಂದೇ ಮೇಲ್ ಬರೆದರು. ಸಬ್ಜೆಕ್ಟ್‌ನಲ್ಲೇ ಯುಎಸ್‌ಎನ್ ಮತ್ತು ಏಜೆನ್ಸಿಯ ರೆಫರೆನ್ಸ್ ನಂಬರ್, ಒಳಗೆ ಹಣ ಕಟ್ಟಿದ ದಿನಾಂಕ ಮತ್ತು ಟ್ರಾನ್ಸಾಕ್ಷನ್ ನಂಬರ್, ಲಗತ್ತಿಗೆ ಪ್ರೊವಿಶನಲ್ ಸರ್ಟಿಫಿಕೇಟ್. ಪ್ರತಿ ಏಜೆನ್ಸಿಗೂ ಎಚ್‌ಆರ್‌ಗೂ. ಕಾಲೇಜಿನ ಪರೀಕ್ಷಾ ವಿಭಾಗದವರ ಹತ್ತಿರವೂ ಒಂದು ಫೋನ್ ಮಾಡಿಸಿದರು. ಯಾರಿಗೆ ಫೋನ್ ಮಾಡಬೇಕು ಅಂತ ನಮಗಿಂತ ಅವರಿಗೇ ಗೊತ್ತಿರ್ತದೆ. ಒಂಬತ್ತನೇ ದಿನ ಉತ್ತರ ಹೋಯಿತು, ಏಜೆನ್ಸಿಗೆ ನೇರವಾಗಿ. ನೇರವಾಗಿ ಅನ್ನುವುದು ಮುಖ್ಯ. ನಾವು ಬೆಳಗಾವಿಗೆ ರಾತ್ರಿ ಬಸ್ ಹಿಡಿದು ಹೋಗಿ ಪತ್ರ ಕೈಯಲ್ಲಿ ತಂದರೆ ಏಜೆನ್ಸಿಗೆ ಅದು ನಡೆಯುವುದಿಲ್ಲ. ಯಾಕೆಂದರೆ ಯಾರ ದಾಖಲೆಯ ಮೇಲೆ ಸಂಶಯವೋ ಅವರ ಕೈ ಮುಟ್ಟಿ ಬಂದ ಉತ್ತರ ಪುರಾವೆ ಆಗುವುದಿಲ್ಲ. "ಎರಡು ದಿನದಲ್ಲಿ ಮಾಡಿಸಿ ಕೊಡ್ತೇನೆ" ಅನ್ನುವ ಬ್ರೋಕರ್‌ಗಳಿಂದ ದೂರ ಇರಬೇಕಾದದ್ದೂ ಇದಕ್ಕೇ.

ಹೆಸರಿನ ಸಮಸ್ಯೆ ನಮ್ಮ ಕಡೆ ಜಾಸ್ತಿ. ಹತ್ತನೇ ಕ್ಲಾಸಿನ ಕಾರ್ಡಿನಲ್ಲಿ ಹೆಸರಿನ ಮುಂದೆ ಬರೀ ಇನಿಶಿಯಲ್, ಆಧಾರ್‌ನಲ್ಲಿ ಮನೆಯ ಹೆಸರೋ ಸರ್‌ನೇಮೋ ಪೂರ್ತಿ, ಡಿಗ್ರಿಯಲ್ಲಿ ಇನ್ನೊಂದು. ಇದಕ್ಕೆ ಕೆಂಪು ಬರುವುದು ಕಡಿಮೆ, ಆದರೆ ವಿವರಣೆ ಕೇಳ್ತಾರೆ, ಅಲ್ಲಿಗೆ ಒಂದು ವಾರ ಹೋಯಿತು. ಫಾರ್ಮ್‌ನಲ್ಲಿ ಡಿಗ್ರಿಯಲ್ಲಿ ಇದ್ದ ಹಾಗೇ ಬರೆಯಬೇಕು. ಪಾಸಾದ ತಿಂಗಳು ಕೂಡ ಹಾಗೇ. ಪರೀಕ್ಷೆ ಜೂನ್, ರಿಸಲ್ಟ್ ಜುಲೈ, ಘಟಿಕೋತ್ಸವ ಮುಂದಿನ ವರ್ಷ ಆಗಿರಬಹುದು. ಕಾರ್ಡಿನಲ್ಲಿ ಯಾವುದು ಅಚ್ಚಾಗಿದೆಯೋ ಅದೇ.

ಯೂನಿವರ್ಸಿಟಿಯ ಉತ್ತರಕ್ಕೆ ಕಾಯದೆ ತೋರಿಸಬಹುದಾದ್ದು ಒಂದು ಉಂಟು, ಡಿಜಿಲಾಕರ್. ನ್ಯಾಷನಲ್ ಅಕಾಡೆಮಿಕ್ ಡಿಪಾಸಿಟರಿ ಈಗ ಅದರ ಮೂಲಕವೇ ನಡೆಯುವುದು. ಅಲ್ಲಿ "ಇಶ್ಯೂಡ್" ಅಂತ ಬರುವ ಮಾರ್ಕ್ಸ್ ಕಾರ್ಡನ್ನು ಯೂನಿವರ್ಸಿಟಿಯೇ ಹಾಕಿರ್ತದೆ, ಐಟಿ ಕಾಯ್ದೆಯ ಡಿಜಿಟಲ್ ಲಾಕರ್ ನಿಯಮದ ಪ್ರಕಾರ ಅದು ಮೂಲ ಪ್ರತಿಗೆ ಸಮ. ನಾವೇ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದ್ದಕ್ಕೆ ಆ ಬೆಲೆ ಇಲ್ಲ, ಇದನ್ನು ಗಲಿಬಿಲಿ ಮಾಡಿಕೊಳ್ಳಬೇಡಿ. ಆದರೆ ಒಪ್ಪುವುದು ಬಿಡುವುದು ಕಂಪನಿಯ ನೀತಿ. ಕೆಲವರು ಇಷ್ಟಕ್ಕೇ ಕೇಸ್ ಮುಗಿಸ್ತಾರೆ, ಕೆಲವರು ಅದನ್ನು ತಾತ್ಕಾಲಿಕ ಪುರಾವೆ ಅಂತ ಇಟ್ಟುಕೊಂಡು ಗಡುವು ಮುಂದೂಡ್ತಾರೆ. ಎರಡರಲ್ಲಿ ಯಾವುದಾದರೂ ಲಿಖಿತವಾಗಿ ತೆಗೆದುಕೊಳ್ಳಿ. ಎಚ್‌ಆರ್ ಫೋನ್‌ನಲ್ಲಿ "ಡೋಂಟ್ ವರಿ" ಅಂದದ್ದು ಎಲ್ಲೂ ದಾಖಲಾಗುವುದಿಲ್ಲ.

ಗಲ್ಫಿಗೆ ಹೋಗುವವರು ಮನೆಯಲ್ಲಿ "ಅಟೆಸ್ಟೇಶನ್ ಆಗಿದೆ ಅಲ್ವಾ, ಮತ್ತೇನು?" ಅಂತ ಕೇಳುವುದುಂಟು. ಅಪಾಸ್ಟಿಲ್ ಆಗಲಿ ರಾಯಭಾರ ಕಚೇರಿಯ ಸ್ಟಾಂಪ್ ಆಗಲಿ ಹೇಳುವುದು ಸಹಿ-ಸೀಲು ಸರಿ ಅಂತ ಮಾತ್ರ. ಉದ್ಯೋಗದಾತ ಯೂನಿವರ್ಸಿಟಿಯನ್ನು ಬೇರೆಯಾಗಿ ಕೇಳಿಯೇ ಕೇಳಬಹುದು.

ಎಷ್ಟು ಬರೆದರೂ ಉತ್ತರ ಇಲ್ಲದಿದ್ದರೆ? ವಿಟಿಯುನಂಥ ಸರಕಾರಿ ಯೂನಿವರ್ಸಿಟಿಗೆ ಆರ್‌ಟಿಐ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. "ಯಾಕೆ ತಡ ಮಾಡ್ತಾ ಇದ್ದೀರಿ" ಅಂತ ಜಗಳದ ಧಾಟಿಯಲ್ಲಿ ಕೇಳಿದರೆ ಅದು ಮಾಹಿತಿಯ ಪ್ರಶ್ನೆ ಅಲ್ಲ ಅಂತ ತಳ್ಳಿ ಹಾಕಬಹುದು. ಇಂಥ ದಿನಾಂಕದ ಮೇಲ್ ಸ್ವೀಕೃತವಾದ ದಿನ, ಫೈಲ್ ಈಗ ಇರುವ ವಿಭಾಗ, ಅಲ್ಲಿನ ಅಧಿಕಾರಿಯ ಹುದ್ದೆ, ಇಷ್ಟು ಕೇಳಿ. ಆದರೆ ಕಂಪನಿಯ ಗಡುವು ಎರಡು ವಾರ, ಆರ್‌ಟಿಐಯದ್ದು ಒಂದು ತಿಂಗಳು, ಲೆಕ್ಕ ನೀವೇ ಹಾಕಿ. ಆದ್ದರಿಂದ ಇದು ಮೊದಲ ಅಸ್ತ್ರ ಅಲ್ಲ. ಡಿಗ್ರಿ ಸರ್ಟಿಫಿಕೇಟೇ ಬಂದಿಲ್ಲ ಅನ್ನುವವರು ಯುಜಿಸಿಯ 2008ರ ನಿಯಮವನ್ನು ಪತ್ರದಲ್ಲಿ ಹೆಸರಿಸಬಹುದು. ಅರ್ಹರಾದ 180 ದಿನದೊಳಗೆ ಡಿಗ್ರಿ ಕೊಡಬೇಕು ಅಂತ ಅದರಲ್ಲಿ ಉಂಟು.