ಈ ಮೈನಸ್ ಯಾರಿಗೆ ಸೇರಿದ್ದು?

ಪಕ್ಕದ ಮನೆಯ ಏಳನೇ ತರಗತಿಯ ಹುಡುಗಿ ಒಂದು ಸಂಜೆ ನೋಟ್‌ಬುಕ್ ಹಿಡಿದು ಬಂದಳು. "ಅಂಕಲ್, ಉತ್ತರ ಸರಿಯಾಗೇ ಬಂದಿದೆ. ಆದ್ರೂ ಮಿಸ್ ಮಾರ್ಕ್ಸ್ ಕಟ್ ಮಾಡಿದಾರೆ." ಲೆಕ್ಕ ಇದು:

20 − [5 − 2(3 − 7)]

ಅವಳು ಬಿಡಿಸಿದ್ದು ಹೀಗೆ:

20 − [5 − 8]
20 − 5 − 8
7

ಸರಿಯಾದ ಉತ್ತರವೂ 7. ಆದರೆ ಮೂರು ಸಾಲಿನೊಳಗೆ ಎರಡು ತಪ್ಪುಗಳಿದ್ದವು. ಒಂದು ತಪ್ಪು ಇನ್ನೊಂದನ್ನು ಹೊಡೆದುಹಾಕಿದ್ದರಿಂದ ಉತ್ತರ ಉಳಿದುಕೊಂಡಿತ್ತು. ಮೈನಸ್ ಮತ್ತು ಆವರಣ ಒಟ್ಟಿಗೆ ಬಂದಾಗ ಹೊಸಬರು ಎಡವುವ ಎರಡು ಮುಖ್ಯ ಜಾಗಗಳೂ ಈ ಒಂದೇ ಲೆಕ್ಕದಲ್ಲಿ ಇವೆ.

ಎಲ್ಲಕ್ಕಿಂತ ಒಳಗಿನ ಆವರಣದಿಂದ ಶುರು ಮಾಡಬೇಕು ಎಂಬುದು ಅವಳಿಗೆ ಗೊತ್ತಿತ್ತು. 3 − 7 ಅಂದರೆ −4. ಈಗ ಚೌಕ ಆವರಣದೊಳಗೆ 5 − 2(−4) ಉಳಿಯಿತು. ಇಲ್ಲಿ ಮೈನಸ್ ಎರಡಿವೆ: 2ರ ಹಿಂದೆ ಒಂದು, 4ರ ಹಿಂದೆ ಇನ್ನೊಂದು. ಅವಳು "ಎರಡು ನಾಲ್ಕಲೆ ಎಂಟು" ಎಂದು ಮಗ್ಗಿ ಹೇಳಿ 8 ಬರೆದಳು. ಮುಂದೆ ಹೇಗೂ ಒಂದು ಮೈನಸ್ ಕಾಣುತ್ತಿತ್ತಲ್ಲ, ಅದೇ ಸಾಕು ಅಂದುಕೊಂಡಳು. 4ರ ಮೈನಸ್ ಅಲ್ಲೇ ಕಳೆದುಹೋಯಿತು. ನಿಜವಾಗಿ 2(−4) ಅಂದರೆ −8. ಐದರಿಂದ −8 ಅನ್ನು ಕಳೆಯಬೇಕು, ಅಂದರೆ 5 − (−8) = 13.

ಕಳೆದರೆ ಹೆಚ್ಚಾಗುವುದು ಹೇಗೆ? ಋಣ ಎಂಬ ಪದದಲ್ಲೇ ಇದಕ್ಕೆ ಉತ್ತರ ಇದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ತನ್ನ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಈ ಸಂಖ್ಯೆಗಳ ನಿಯಮ ಬರೆದಾಗ ಬಳಸಿದ್ದು ಧನ ಮತ್ತು ಋಣ ಎಂಬ ಹೆಸರುಗಳನ್ನೇ. ನಿಮ್ಮ ಲೆಕ್ಕದ ಪುಸ್ತಕದಿಂದ ಎಂಟು ರೂಪಾಯಿ ಸಾಲವನ್ನು ಯಾರಾದರೂ ಹೊಡೆದುಹಾಕಿದರೆ ನೀವು ಎಂಟು ರೂಪಾಯಿ ಮೇಲಕ್ಕೆ ಬಂದಿರಿ. ಹುಡುಗಿಗೆ ಇಷ್ಟು ಹೇಳಿದ್ದೇ ತಡ, 13 ಅವಳ ಬಾಯಿಂದಲೇ ಬಂತು.

ಎರಡನೇ ತಪ್ಪು ಚೌಕ ಆವರಣ ತೆಗೆಯುವಾಗ ಆದದ್ದು. 20 − [5 − 8] ಎಂಬಲ್ಲಿ ಆವರಣದ ಹಿಂದಿನ ಮೈನಸ್ 5ಕ್ಕೆ ಮಾತ್ರ ಸೇರಿದ್ದಲ್ಲ, ಇಡೀ ಗಂಟಿಗೆ ಸೇರಿದ್ದು. ಗಂಟು ಬಿಚ್ಚುವಾಗ ಒಳಗಿನ ಪ್ರತಿಯೊಂದರ ಚಿಹ್ನೆಯೂ ತಿರುಗಬೇಕು: 20 − 5 + 8. ಅವಳು ಮೊದಲನೆಯದಕ್ಕೆ ಮೈನಸ್ ಕೊಟ್ಟು ಎರಡನೆಯದನ್ನು ಇದ್ದ ಹಾಗೇ ಇಳಿಸಿಕೊಂಡಳು.

ಇವುಗಳಲ್ಲಿ ಮೊದಲ ತಪ್ಪನ್ನು ಮಾತ್ರ ಮಾಡಿದ್ದರೆ ಉತ್ತರ 20 − (−3), ಅಂದರೆ 23. ಎರಡನೆಯದನ್ನು ಮಾತ್ರ ಮಾಡಿದ್ದರೆ 20 − 5 + 8, ಅದೂ 23! ಹಾಗಾಗಿ 23 ಎಂದು ಬರೆದ ಮಗು ಎಲ್ಲಿ ಎಡವಿತು ಎಂದು ಉತ್ತರವನ್ನಷ್ಟೇ ನೋಡಿ ಹೇಳಲಾಗದು, ನಡುವಿನ ಸಾಲುಗಳನ್ನು ನೋಡಲೇಬೇಕು. ಆದರೆ 32 ಬಂದಿದ್ದರೆ ಕಾರಣ ಬೇರೆ: ಗುಣಿಸುವ ಮೊದಲೇ 5 − 2 ಕಳೆದು, ಬಂದ 3ರಿಂದ −4 ಅನ್ನು ಗುಣಿಸಿದ್ದಾರೆ. ಆವರಣಕ್ಕೆ ಅಂಟಿಕೊಂಡ 2 ಗುಣಿಸಲು ಕಾದಿದೆ. ಅದನ್ನು 5ರ ಜೊತೆ ಕಳುಹಿಸುವ ಹಾಗಿಲ್ಲ.

ಪರೀಕ್ಷಿಸಿಕೊಳ್ಳಲು ನಾನು ಅವಳಿಗೆ ಹೇಳಿದ್ದು ಅದೇ ಲೆಕ್ಕವನ್ನು ಹೊರಗಿನಿಂದ ಒಳಕ್ಕೆ ಇನ್ನೊಮ್ಮೆ ಬಿಡಿಸು ಅಂತ. ಮೊದಲು ಚೌಕ ಆವರಣ ತೆಗೆದರೆ 20 − 5 + 2(3 − 7). ಇದು 15 + 2(−4), ಅಂದರೆ 15 − 8 = 7. ಒಳಗಿನಿಂದ ಬಂದಾಗ 20 − 13, ಅದೂ 7. ಎರಡು ದಾರಿಯಲ್ಲಿ ಮೈನಸ್‌ಗಳು ಎದುರಾಗುವ ಜಾಗ ಬೇರೆ ಬೇರೆ. ಆದ್ದರಿಂದ ಒಂದರಲ್ಲಿ ಜಾರಿದ್ದು ಸಾಮಾನ್ಯವಾಗಿ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಋಣ ಸಂಖ್ಯೆ ಬಂದ ಕೂಡಲೇ ಅದಕ್ಕೊಂದು ಆವರಣ ಹಾಕಿಯೇ ಮುಂದಿನ ಸಾಲಿಗೆ ಇಳಿಸಬೇಕು ಎಂದೂ ಹೇಳಿದೆ.

ಆ ಆವರಣಕ್ಕೆ ಎಷ್ಟು ಬೆಲೆ ಎಂಬುದು ವರ್ಗ ಬಂದಾಗ ತಿಳಿಯುತ್ತದೆ. (−3)² ಅಂದರೆ −3 × −3, ಉತ್ತರ 9. ಆವರಣವಿಲ್ಲದ −3² ಹಾಗಲ್ಲ. ವರ್ಗ ಪಕ್ಕದ 3ಕ್ಕೆ ಮಾತ್ರ ಸೇರಿದ್ದು, ಮೈನಸ್ ಆಮೇಲೆ ಬರುತ್ತದೆ, ಉತ್ತರ −9. ಗಣಿತದ ಪುಸ್ತಕಗಳ ರೂಢಿ ಇದು. ಆದರೆ ಕಂಪ್ಯೂಟರಿನ ಎಕ್ಸೆಲ್‌ನಲ್ಲಿ `=-3^2` ಎಂದು ಹಾಕಿದರೆ 9 ಬರುತ್ತದೆ, `=0-3^2` ಎಂದರೆ −9. ಮೊದಲನೆಯದರಲ್ಲಿ ಎಕ್ಸೆಲ್ ಮೈನಸ್ಸನ್ನು ಸಂಖ್ಯೆಯ ಚಿಹ್ನೆ ಎಂದು ಓದಿ ಮೊದಲೇ ಅಂಟಿಸುತ್ತದೆ, ಎರಡನೆಯದರಲ್ಲಿ ಕಳೆಯುವ ಗುರುತು ಎಂದು ಓದುತ್ತದೆ. ಪುಸ್ತಕದ ಉತ್ತರ ಬೇಕಿದ್ದರೆ ಅಲ್ಲಿ `=-(3^2)` ಎಂದೇ ಬರೆಯಬೇಕು.