ಅಳಿಯನೂ ಅತ್ತೆಮಾವಂದಿರ ಪೋಷಣೆಯೂ

‘ಅಳಿಯ ಅಲ್ಲ, ಮಗಳ ಗಂಡ’ ಎಂಬ ಮಾತು ನಮ್ಮಲ್ಲಿ ಹಾಸ್ಯಕ್ಕೆ ಸಲ್ಲುತ್ತದೆ. ಎರಡೂ ಒಂದೇ ಎಂಬುದು ಅದರ ಇಂಗಿತ. ಆದರೆ ಅತ್ತೆಮಾವಂದಿರ ಪೋಷಣೆಯ ಪ್ರಶ್ನೆ ಬಂದಾಗ ಇವೆರಡಕ್ಕೂ ಅಂತರವುಂಟೆಂಬುದನ್ನು ನಾವು ಅರಿಯಬೇಕು.

ಹಿಂದೆ ಗಂಡುಮಕ್ಕಳಿಲ್ಲದ ಒಕ್ಕಲು ಮನೆಗಳಲ್ಲಿ ಮನೆಯಳಿಯನನ್ನು ತಂದುಕೊಳ್ಳುತ್ತಿದ್ದರು. ಮದರಾಸು ಪ್ರಾಂತದ ರೆಡ್ಡಿ, ಕಮ್ಮ ಕುಲಗಳಲ್ಲಿ ಇದಕ್ಕೆ ಇಲ್ಲಾಟವೆಂದು ಹೆಸರು. ಅಂತಹ ಅಳಿಯನು ಮಾವನ ಹೊಲದಲ್ಲಿ ದುಡಿಯುವನು; ಮಗನಂತೆ ಆಸ್ತಿಯಲ್ಲಿ ಪಾಲು ಪಡೆಯುವನು. ದುಡಿಮೆಗೂ ಪಾಲಿಗೂ ಮೊದಲೇ ಒಪ್ಪಂದವಿರುತ್ತಿತ್ತು. ಇಂದಿನ ಅಳಿಯನ ಪಾಲಿಗೆ ಒಪ್ಪಂದವು ಹೋಗಿ, ನಿರೀಕ್ಷೆಯೊಂದೇ ಉಳಿದಿದೆ.

ಕಾನೂನು ಹೊಣೆ ಹೊರಿಸುವುದು ಅಳಿಯನ ಮೇಲಲ್ಲ, ಮಗಳ ಮೇಲೆ. ಮದುವೆಯಾದ ಮಗಳೂ, ಗಂಡನ ವರಮಾನವನ್ನು ಬಿಟ್ಟು ತನಗೇ ಸಾಕಷ್ಟು ಅನುಕೂಲವಿದ್ದರೆ, ನಿರ್ಗತಿಕರಾದ ತಂದೆತಾಯಿಗಳನ್ನು ಪೋಷಿಸತಕ್ಕವಳೆಂದು 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹಿರಿಯರ ಪೋಷಣೆಗಾಗಿ 2007ರಲ್ಲಿ ಆದ ಅಧಿನಿಯಮದಲ್ಲಿಯೂ ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಕ್ಕಳು. ಅಳಿಯನನ್ನು ಸೇರಿಸಲು 2019ರಲ್ಲಿ ಮಂಡಿಸಿದ ಮಸೂದೆಯು ಕಾನೂನಾಗಲಿಲ್ಲ.

ಇದನ್ನು ಸಂಸಾರದಲ್ಲಿ ನಡೆಸುವ ಬಗೆ ಹೇಗೆ? ಮಾವನವರ ಪಿಂಚಣಿ 12,000 ರೂಪಾಯಿ, ತಿಂಗಳ ವೆಚ್ಚ 20,000 ಎಂದು ಇಟ್ಟುಕೊಳ್ಳೋಣ. ಮಗಳಿಗೂ ಅಳಿಯನಿಗೂ ಸಂಬಳವುಂಟು. ‘ಬೇಕಾದಾಗ ಕೇಳಿ, ಮಾವನವರೆ’ ಎಂದು ಅಳಿಯನು ಹೇಳಿದರೆ ಅದು ಔದಾರ್ಯದಂತೆ ತೋರುತ್ತದೆ. ಆದರೆ ಮಾವನವರು ಕೇಳುವುದಿಲ್ಲ. ಮಾತ್ರೆಯನ್ನು ಅರ್ಧ ಮಾಡಿ ನುಂಗುವರು. ಬೆಳಕಿನ ಬಿಲ್ಲು ಬಾಕಿ ನಿಲ್ಲುವುದು. ಕೊನೆಗೆ ಒಂದು ದಿನ ಮಗಳ ಕಣ್ಣೀರಿನ ಮೂಲಕ ದೊಡ್ಡ ಮೊತ್ತವೊಂದು ಅಳಿಯನ ಮುಂದೆ ಬಂದು ನಿಲ್ಲುವುದು. ಆಗ ಕೊಟ್ಟವನಿಗೂ ಬೇಸರ, ಪಡೆದವರಿಗೂ ಅವಮಾನ.

ಅದರ ಬದಲು ಕೊರತೆಯಾದ 8,000 ರೂಪಾಯಿಯನ್ನು ಮಗಳೇ ತನ್ನ ಸಂಬಳದಿಂದ ಪ್ರತಿ ತಿಂಗಳೂ ಗೊತ್ತಾದ ದಿನ ಕಳುಹಿಸಲಿ. ಮನೆಯ ಖರ್ಚಿನಲ್ಲಿ ಅಷ್ಟರಮಟ್ಟಿಗೆ ಕಡಮೆಯಾದುದನ್ನು ಅಳಿಯನು ತುಂಬಲಿ. ಹಣ ಅವನದೇ ಆದರೂ ಮಾವನವರು ಪಡೆಯುವುದು ಮಗಳಿಂದ. ಕೈಯೊಡ್ಡಿದ ಭಾವ ಅವರಿಗೆ ಬಾರದು. ಆಸ್ಪತ್ರೆಯ ವೆಚ್ಚಕ್ಕೆ ಬೇರೆ ಮೊತ್ತವನ್ನು ಮೊದಲೇ ಗೊತ್ತುಮಾಡಲಿ. ಮಗಳಿಗೆ ಸಂಪಾದನೆ ಇಲ್ಲದಿದ್ದರೆ ಅಳಿಯನು ಕೊಡುವುದು ಶುದ್ಧವಾಗಿ ಅವನ ವಿಶ್ವಾಸ. ತನ್ನ ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ತೆಗೆದಿಟ್ಟು, ಉಳಿದುದರಲ್ಲಿ ಎಷ್ಟಾಗುವುದೆಂಬುದನ್ನು ಅವನು ಸ್ಪಷ್ಟವಾಗಿ ಹೇಳುವುದು ಒರಟುತನವಲ್ಲ.

ಮನೆಯ ಆಸ್ತಿಯನ್ನು ಈ ಲೆಕ್ಕಕ್ಕೆ ಬೆರೆಸಬಾರದು. ಮಾವನವರು ಪೋಷಣೆಯನ್ನು ನಂಬಿ ಮಗಳಿಗೆ ಮನೆಯನ್ನು ಬರೆದುಕೊಡುವುದಾದರೆ, ಆ ಷರತ್ತನ್ನು ದಾನಪತ್ರದಲ್ಲಿಯೇ ಬರೆಯಿಸಬೇಕು. ಷರತ್ತು ತಪ್ಪಿದರೆ 2007ರ ಅಧಿನಿಯಮದಂತೆ ಆ ದಾನವನ್ನು ರದ್ದುಪಡಿಸಲು ಅವಕಾಶವುಂಟು. ಬಾಯಿಮಾತಿನ ನಂಬಿಕೆ ಅಲ್ಲಿ ನಿಲ್ಲುವುದು ಕಷ್ಟ. ಪತ್ರವನ್ನು ಓದಿ ನೋಡೆಂದು ಮಾವನಿಗೆ ಮೊದಲು ಹೇಳಬೇಕಾದವನು ಅಳಿಯನೇ.