ಕಾವಲುನಾಯಿಯ ಉಗುರು ಕತ್ತರಿಸುವ ಕ್ರಮ

ದರೋಜಿಯ ಸುತ್ತಣ ಬಂಡೆಗುಡ್ಡಗಳಲ್ಲಿ ಕುರಿಹಿಂಡಿನೊಡನೆ ದಿನವೆಲ್ಲ ತಿರುಗುವ ನಾಯಿಗೆ ಉಗುರು ಕತ್ತರಿಸುವ ಪ್ರಸಂಗವೇ ಬರುವುದು ಅಪರೂಪ. ಕಲ್ಲಿಗೆ ಉಜ್ಜಿ ಉಗುರು ತಾನಾಗಿ ಸವೆಯುತ್ತದೆ. ಆದರೆ ಹಂದಿ ಕರಡಿಗಳ ಸುಳಿವು ಕೊಡಲೆಂದು ತೋಟದ ಮೆತ್ತನೆಯ ಮಣ್ಣಿನಲ್ಲಿ ಕಟ್ಟಿಹಾಕಿದ ನಾಯಿಗೆ ಆ ಸವೆತವು ದೊರೆಯುವುದಿಲ್ಲ. 1994ರಲ್ಲಿ ಕರಡಿಧಾಮವಾದ ಗುಡ್ಡಗಳ ಅಂಚಿನಲ್ಲಿ ತೋಟವುಳ್ಳವರಿಗೆ ಕುಂಟುವ ಕಾವಲುನಾಯಿಯಿಂದ ಆಗುವ ತೊಂದರೆಯನ್ನು ವಿವರಿಸಬೇಕಾಗಿಲ್ಲ.

ನಾಯಿಯನ್ನು ಸಮನಾದ ಕಲ್ಲುಹಾಸಿನ ಮೇಲೆ ನಿಲ್ಲಿಸಿ ನೋಡತಕ್ಕದ್ದು. ಸುಮ್ಮನೆ ನಿಂತಾಗಲೂ ಉಗುರು ನೆಲಕ್ಕೆ ಒತ್ತುತ್ತಿದ್ದರೆ, ನಡೆದಾಗ ಟಕಟಕನೆ ಸದ್ದಾದರೆ, ಅದು ಮಿತಿಮೀರಿ ಬೆಳೆದಿದೆಯೆಂದು ತಿಳಿಯಬಹುದು. ಮುಂಗಾಲಿನ ಒಳಮಗ್ಗುಲಲ್ಲಿ ಮೇಲಕ್ಕಿರುವ ಐದನೆಯ ಉಗುರನ್ನು ಪ್ರತ್ಯೇಕವಾಗಿ ನೋಡಬೇಕು. ಅದು ನೆಲಕ್ಕೆ ತಾಗುವುದೇ ಇಲ್ಲವಾದ್ದರಿಂದ ಕುರಿಕಾಯುವ ನಾಯಿಯಲ್ಲಿಯೂ ಬಳೆಯಂತೆ ಸುತ್ತಿ ಚರ್ಮದೊಳಕ್ಕೆ ನಾಟುವುದುಂಟು. ಕೆಲವು ನಾಯಿಗಳಿಗೆ ಹಿಂಗಾಲಿನಲ್ಲಿಯೂ ಇಂಥ ಉಗುರು ಇರುತ್ತದೆ.

ಉಗುರಿನ ಒಳಗೆ ರಕ್ತನಾಳವೂ ನರವೂ ಕೂಡಿದ ಜೀವಮಾಂಸವೊಂದಿದೆ. ಕತ್ತರಿ ಅದಕ್ಕೆ ತಗುಲಿದರೆ ರಕ್ತ ಬರುತ್ತದೆ, ನೋವು ಬಹಳ. ಬಿಳಿಯ ಉಗುರನ್ನು ಬೆಳಕಿಗೆ ಹಿಡಿದರೆ ಅದು ನಸುಗೆಂಪಾಗಿ ಕಾಣುವುದು. ಅದರಿಂದ 2 ಮಿಲಿಮೀಟರ್ ಆಚೆಗೆ ಕತ್ತರಿಸಿದರೆ ಸಾಕು. ಕಷ್ಟವೆಲ್ಲ ಕರಿಯ ಉಗುರಿನಲ್ಲಿ. ಅದನ್ನು ಒಂದೇ ಏಟಿಗೆ ಕತ್ತರಿಸದೆ ತುದಿಯಿಂದ ಅಕ್ಕಿಕಾಳಿಗಿಂತ ತೆಳುವಾದ ಬಿಲ್ಲೆಗಳಾಗಿ ಸವರುತ್ತ, ಪ್ರತಿ ಸಲವೂ ಕತ್ತರಿಸಿದ ಮುಖವನ್ನು ನೋಡಬೇಕು. ಮೊದಮೊದಲು ಅದು ಒಣಗಿ ಸುಣ್ಣದ ಪುಡಿಯಂತೆ ಬಿಳಿಚಿಕೊಂಡಿರುವುದು. ನಡುವೆ ನಯವಾದ, ತುಸು ತೇವವಾದ ಬೂದು ಅಥವಾ ಕಪ್ಪು ಚುಕ್ಕೆ ಕಂಡೊಡನೆ ನಿಲ್ಲಿಸತಕ್ಕದ್ದು. ಜೀವಮಾಂಸವು ಅದರ ಹಿಂದೆಯೇ ಇದೆ.

ಕತ್ತರಿಯು ಹರಿತವಾಗಿರಬೇಕು. ಮೊಂಡ ಕತ್ತರಿ ಉಗುರನ್ನು ಜಜ್ಜುತ್ತದೆ. ಜೀವಮಾಂಸಕ್ಕೆ ತಗುಲದೆಯೇ ನೋಯಿಸುತ್ತದೆ. ರಕ್ತ ಬಂದರೆ ಪಟಿಕದ ನುಣುಪು ಪುಡಿಯನ್ನಾಗಲಿ, ಅದಿಲ್ಲದಿದ್ದರೆ ಮೆಕ್ಕೆಜೋಳದ ಹಿಟ್ಟನ್ನಾಗಲಿ ತುದಿಗೆ ಹಚ್ಚಿ ಶುಭ್ರವಾದ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಬೇಕು. ನಡುನಡುವೆ ತೆಗೆದು ನೋಡಬಾರದು.

ಇನ್ನು ಕಾಲು ಮುಟ್ಟಗೊಡದ ನಾಯಿಯ ಮಾತು. ಹಿಂದೊಮ್ಮೆ ಇಬ್ಬರು ಆಳುಗಳು ಕೆಡವಿ ಹಿಡಿದು, ಉಗುರು ಕತ್ತರಿಸಿ ರಕ್ತ ಬರಿಸಿದ ತೋಟದ ನಾಯಿಯೊಂದಿದೆ ಎಂದಿಟ್ಟುಕೊಳ್ಳಿರಿ. ಅದು ಈಗ ಕತ್ತರಿಯನ್ನು ಕಂಡರೆ ಹಲ್ಲು ಕಿಸಿಯುತ್ತದೆ. ಮೊದಲು ಬೆರಳುಗಳ ಸಂದಿನಲ್ಲಿ ಜಾಲಿಮುಳ್ಳು, ಹುಣ್ಣು ಇದೆಯೇ ಎಂದು ದೂರದಿಂದಲೇ ಗಮನಿಸಬೇಕು. ಒಂದೇ ಕಾಲನ್ನು ನೆಕ್ಕುತ್ತಿದ್ದರೆ ಅಲ್ಲಿ ನೋವಿದೆ. ಅದು ವಾಸಿಯಾಗದೆ ಯಾವ ಅಭ್ಯಾಸವೂ ಫಲಿಸದು.

ನೋವಿಲ್ಲವೆಂದು ಖಚಿತವಾದ ಮೇಲೆ, ದಿನಕ್ಕೆ ಎರಡು ನಿಮಿಷ, ಪರಿಚಿತನಾದ ಒಬ್ಬನೇ ಕುಳಿತು ಹೆಗಲನ್ನು ಮುಟ್ಟಿ ಕೂಡಲೇ ರೊಟ್ಟಿಯ ಚೂರನ್ನು ಕೊಡಬೇಕು. ಮುಟ್ಟುವುದು ಮೊದಲು, ರೊಟ್ಟಿ ಆಮೇಲೆ; ಈ ಕ್ರಮ ತಿರುಗಿದರೆ ರೊಟ್ಟಿಯೇ ಅಪಾಯದ ಮುನ್ಸೂಚನೆಯೆಂದು ನಾಯಿ ಕಲಿತುಬಿಡುತ್ತದೆ. ಕೆಲವು ದಿನಗಳಲ್ಲಿ ಕೈಯನ್ನು ಮೊಣಕೈಗೆ, ಅಲ್ಲಿಂದ ಪಾದಕ್ಕೆ ಇಳಿಸಬಹುದು. ನಾಯಿ ಮೈ ಬಿಗಿದರೆ, ಮೂತಿ ತಿರುಗಿಸಿ ತುಟಿ ನೆಕ್ಕಿದರೆ, ಕಣ್ಣಿನ ಬಿಳುಪನ್ನು ತೋರಿದರೆ ಹಿಂದಿನ ಮೆಟ್ಟಿಲಿಗೆ ಮರಳತಕ್ಕದ್ದು. ಗುರುಗುಟ್ಟಿದ್ದಕ್ಕೆ ಹೊಡೆಯಬಾರದು, ಹೊಡೆತ ತಿಂದ ನಾಯಿ ಗುರುಗುಟ್ಟುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ.

ಪಾದವನ್ನು ಹಿಡಿಯಗೊಟ್ಟ ಮೇಲೆ ಕತ್ತರಿಯನ್ನು ಪಕ್ಕದಲ್ಲಿಟ್ಟು ರೊಟ್ಟಿ. ಮುಂದೆ ಅದರಿಂದ ಒಣ ಕಡ್ಡಿಯೊಂದನ್ನು ಕತ್ತರಿಸಿ ಸದ್ದು ಕೇಳಿಸಿ ರೊಟ್ಟಿ. ಆಮೇಲೆ ಉಗುರಿಗೆ ಕತ್ತರಿಯನ್ನು ಬರಿದೆ ತಾಗಿಸಿ ರೊಟ್ಟಿ. ಕೊನೆಗೆ ಒಂದು ದಿನಕ್ಕೆ ಒಂದೇ ಉಗುರಿನ ತುದಿ. ಸಾಮಾನ್ಯ ನಾಯಿಗೆ ಮುಂಗಾಲುಗಳಲ್ಲಿ ಹತ್ತು, ಹಿಂಗಾಲುಗಳಲ್ಲಿ ಎಂಟು ಉಗುರುಗಳಿರುವುದರಿಂದ 18 ದಿನಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಬಹಳ ಬೆಳೆದ ಉಗುರಿನಲ್ಲಿ ಜೀವಮಾಂಸವೂ ಉದ್ದವಾಗಿರುವುದರಿಂದ ಮೊದಲನೆಯ ಸುತ್ತಿನಲ್ಲಿ ಅದು ಮೋಟಾಗಲಾರದು. ವಾರಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಸವರುತ್ತ ಬಂದರೆ ಜೀವಮಾಂಸವು ಹಿಂದಕ್ಕೆ ಸರಿಯುವುದು.

ಕಚ್ಚುವ ಶಂಕೆಯಿದ್ದರೆ ಬಾಯಿಗೆ ಕುಕ್ಕೆ ಹಾಕಬಹುದು. ಅದು ಬಾಯಿ ತೆರೆದು ತೇಕಲು ಅವಕಾಶವಿರುವಂತೆ ಸಡಿಲವಾಗಿರಬೇಕು. ಹಗ್ಗದಿಂದ ಮೂತಿಯನ್ನು ಬಿಗಿದರೆ ಈ ಸೀಮೆಯ ಬಿಸಿಲಿನಲ್ಲಿ ನಾಯಿಗೆ ಪ್ರಾಣಾಪಾಯ. ಚರ್ಮದೊಳಗೆ ನಾಟಿದ ಉಗುರನ್ನು ಮನೆಯಲ್ಲಿ ಕೀಳದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಯಾರಿಗಾದರೂ ಹಲ್ಲು ತಗುಲಿದರೆ, ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಆಗಿದ್ದರೂ, ಗಾಯವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.